ಎಂಬತ್ತೇಳನೆಯ ಹಾಲ್ ಟಿಕೆಟ್

ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಮೂರು ಗಂಟೆಗೆ ಹತ್ತನೇ ತರಗತಿಯ ನಮ್ಮನ್ನೆಲ್ಲ ಪ್ರಾರ್ಥನೆಯ ಹಾಲ್‌ನಲ್ಲಿ ಕೂರಿಸಿದರು. ನಾವು ಎಂಬತ್ತಾರು ಜನ. ಹಾಲ್ ಗುಡಿಸಿದವಳು ನನ್ನಮ್ಮ. ಚಾಪೆ ಹಾಸಿದವಳು ನನ್ನಮ್ಮ. ಮೈಕಿನ ಕಂಬವನ್ನು ಹೊತ್ತು ತಂದು ನಿಲ್ಲಿಸಿದವಳೂ ಅವಳೇ. ಮೇಜಿನ ಮೇಲೆ ನೀರಿನ ಲೋಟ ಇಟ್ಟವನು ಮಾತ್ರ ಗುಮಾಸ್ತ. ಕಕ್ಕಸು ತೊಳೆಯುವ ಕೈ ಲೋಟ ಮುಟ್ಟಬಾರದು ಎಂದು ಹೆಡ್‌ಮಾಸ್ಟರು ಬಂದ ಹೊಸದರಲ್ಲೇ ಹೇಳಿದ್ದರು.

ನಾನು ಮೂರನೇ ಸಾಲಿನಲ್ಲಿದ್ದೆ. ಅಮ್ಮ ಹಿಂದೆ, ಬಾಗಿಲ ಪಕ್ಕ, ಗೋಡೆಗೆ ಒರಗಿ ಬರೀ ನೆಲದ ಮೇಲೆ ಕೂತಿದ್ದಳು. ನಾನು ತಿರುಗಿ ನೋಡಲಿಲ್ಲ. ಆರನೇ ತರಗತಿಗೆ ಆ ಶಾಲೆ ಸೇರಿದಾಗಿನಿಂದ ನಾನು ಅವಳನ್ನು ಅಲ್ಲಿ ತಿರುಗಿ ನೋಡಿದ್ದೇ ಇಲ್ಲ. ಹುಡುಗರು ಅವಳನ್ನು ಫಿನಾಯಿಲಮ್ಮ ಎನ್ನುತ್ತಿದ್ದರು. ನನ್ನನ್ನು ಬರೀ ಫಿನಾಯಿಲ್ ಎನ್ನುತ್ತಿದ್ದರು. ನಾನು ಹತ್ತಿರ ಹೋದರೆ ಕೆಲವರು ಮೂಗು ಮುಚ್ಚಿಕೊಂಡು ನಗುತ್ತಿದ್ದರು. ನನಗೆ ಅವರ ಮೇಲೆ ಸಿಟ್ಟು ಬರುತ್ತಿರಲಿಲ್ಲ. ಅಮ್ಮನ ಮೇಲೆ ಬರುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನನ್ನನ್ನು ಯಾರೂ ದೊಡ್ಡವಳು ಅಂದುಕೊಳ್ಳುವುದು ಬೇಡ.

ಅಮ್ಮ ಆ ಶಾಲೆಯಲ್ಲಿ ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದಳು. ಹುಡುಗರ ಕಕ್ಕಸು ಎಂಟು, ಹುಡುಗಿಯರದ್ದು ಆರು, ಮೇಷ್ಟ್ರುಗಳದ್ದು ಎರಡು. ಜೊತೆಗೆ ಹುಡುಗರು ನಿಂತು ಉಚ್ಚೆ ಹೊಯ್ಯುವ ಉದ್ದದ ಕಟ್ಟೆ. ಬೆಳಿಗ್ಗೆ ಆರಕ್ಕೆ ಹೋಗಿ ಆಸಿಡ್ ಸುರಿದು, ಬ್ರಷ್ಷಿನಲ್ಲಿ ಉಜ್ಜಿ, ತೊಟ್ಟಿಯಿಂದ ಬಕೆಟ್ಟಿನಲ್ಲಿ ನೀರು ಹೊತ್ತು ಹೊಯ್ಯಬೇಕು. ಊಟದ ಬಿಡುವಾದ ಮೇಲೆ ಇನ್ನೊಂದು ಸಲ. ಕಟ್ಟಿಕೊಂಡರೆ ಕೈ ಹಾಕಬೇಕು. ಕೈಗವಸು ವರ್ಷಕ್ಕೊಂದು ಜೊತೆ. ಅದು ಒಂದು ತಿಂಗಳಿಗೆ ಹರಿಯುತ್ತಿತ್ತು. ಉಳಿದ ಹನ್ನೊಂದು ತಿಂಗಳು ಬರಿಗೈ. ಅವಳ ಬೆರಳ ತುದಿಯ ಚರ್ಮ ಸುಲಿದು ಸುಲಿದು ನುಣ್ಣಗಾಗಿತ್ತು. ಪೆನ್ನು ಹಿಡಿದರೆ ಜಾರುತ್ತಿತ್ತು.

ಅವಳು ಪೆನ್ನು ಹಿಡಿಯಲು ಶುರುಮಾಡಿದ್ದು ಹಿಂದಿನ ವರ್ಷ. ಹತ್ತು ವರ್ಷ ದುಡಿದ ಗುತ್ತಿಗೆ ಕೆಲಸದವರು ಹತ್ತನೇ ತರಗತಿ ಪಾಸಾಗಿದ್ದರೆ ಜವಾನರ ಹುದ್ದೆಗೆ ತೆಗೆದುಕೊಳ್ಳಬಹುದು ಎಂದು ಮೇಲಿನಿಂದ ಆದೇಶ ಬಂದಿತ್ತು. ಗುಮಾಸ್ತ ಅದನ್ನು ಬೋರ್ಡಿಗೆ ಅಂಟಿಸಿದ. ಅಮ್ಮ ಬೋರ್ಡು ಒರೆಸುವಾಗ ಓದಿಕೊಂಡಳು. ಎಂಟನೇ ತರಗತಿಗೆ ಶಾಲೆ ಬಿಟ್ಟವಳು ಅವಳು. ನಾನೇ ಅರ್ಜಿ ತುಂಬಿದೆ, ಖಾಸಗಿ ಅಭ್ಯರ್ಥಿ ಎಂದು. ನಮ್ಮ ಎಂಬತ್ತಾರು ಅರ್ಜಿಗಳ ಕಟ್ಟಿನ ತಳದಲ್ಲಿ ಗುಮಾಸ್ತ ಅದನ್ನೂ ಇಟ್ಟ. ಹೆಡ್‌ಮಾಸ್ಟರು ಎಂಬತ್ತೇಳು ಸಲ ಸಹಿ ಮಾಡಿದರು. ಮುಖ ನೋಡಲಿಲ್ಲ.

ಆಮೇಲೆ ನಾವು ಓದಿದೆವು. ಬೆಳಿಗ್ಗೆ ಆರಕ್ಕೆ ನಾನೂ ಅವಳ ಜೊತೆ ಶಾಲೆಗೆ ಹೋಗುತ್ತಿದ್ದೆ. ಅವಳು ಒಳಗೆ ಉಜ್ಜುತ್ತಿದ್ದಳು. ನಾನು ಹೊರಗೆ ಬಾಗಿಲ ಬಳಿ ನಿಂತು ಪುಸ್ತಕ ಹಿಡಿದು ಗಟ್ಟಿಯಾಗಿ ಓದುತ್ತಿದ್ದೆ. ಆಸಿಡ್ ಹೊಗೆಗೆ ಕೆಮ್ಮುತ್ತಾ ಅವಳು ಒಳಗಿನಿಂದ ನಾನು ಓದಿದ್ದನ್ನೇ ತಿರುಗಿ ಹೇಳುತ್ತಿದ್ದಳು. ಲಂಬಕೋನ ತ್ರಿಭುಜ, ರಕ್ತ ಪರಿಚಲನೆ, ಪದ್ಯದ ಸಾರಾಂಶ, ಎಲ್ಲ. ಬ್ರಷ್ಷಿನ ಸದ್ದು ನಿಂತಿತೆಂದರೆ ಅವಳಿಗೆ ಅರ್ಥವಾಗಿಲ್ಲ ಎಂದು. ನಾನು ಮತ್ತೆ ಓದುತ್ತಿದ್ದೆ. ಎಂಟು ಗಂಟೆಗೆ ಮನೆಗೆ ಓಡಿ, ಸ್ನಾನ ಮಾಡಿ, ಯಾರೂ ನೋಡಿಲ್ಲವೆಂಬಂತೆ ಮುಂದಿನ ಗೇಟಿನಿಂದ ಮತ್ತೆ ಶಾಲೆಗೆ ಬರುತ್ತಿದ್ದೆ.

ಪರೀಕ್ಷೆಗೆ ಹತ್ತು ದಿನವಿದ್ದಾಗ ಹಾಲ್ ಟಿಕೆಟ್‌ಗಳ ಕಟ್ಟು ಬಂತು. ಎಂಬತ್ತೇಳು ಬಂದಿವೆ ಎಂದು ಗುಮಾಸ್ತ ಅಮ್ಮನ ಕಿವಿಯಲ್ಲಿ ಹೇಳಿದ. ಅಮ್ಮ ಹೆಡ್‌ಮಾಸ್ಟರ ಕೋಣೆಯ ಬಾಗಿಲಲ್ಲಿ ನಿಂತು ಕೇಳಿದಳು. ಒಳಗೆ ಹೋಗುವ ಹಾಗಿರಲಿಲ್ಲ, ಗುಡಿಸುವಾಗ ಬಿಟ್ಟು.

“ಬಂದಿಲ್ಲ” ಎಂದರು.

ಮರುದಿನ ಕೇಳಿದಳು. ಬಂದಿಲ್ಲ. ಮೂರನೇ ಸಲ ಕೇಳಿದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನೋಡು, ಆರು ಶಾಲೆ ಮಕ್ಕಳು ಇಲ್ಲಿಗೆ ಬಂದು ಬರೀತಾರೆ. ನಾನೂರು ಜನ. ಆರು ಪೇಪರು. ಇರೋಳು ನೀನೊಬ್ಬಳು. ನೀನು ಒಳಗೆ ಕೂತು ಬರೀತಾ ಇದ್ರೆ ಕಕ್ಕಸು ಯಾರು ತೊಳೀತಾರೆ? ನಾನು ತೊಳೀಲಾ?”

“ಆರು ದಿನಕ್ಕೆ ಯಾರನ್ನಾದ್ರೂ ಹಾಕ್ಕೊಳ್ಳಿ ಸರ್. ನಾನೇ ಒಬ್ಬರನ್ನ ಕರ್ಕೊಂಡು ಬರ್ತೀನಿ.”

“ಈ ವಯಸ್ಸಲ್ಲಿ ಮಗಳ ಪಕ್ಕ ಕೂತು ಬರೆಯೋಕೆ ನಾಚಿಕೆ ಆಗಲ್ವಾ? ಹೋಗು, ಹೋಗಿ ಕೆಲಸ ನೋಡು. ಮುಂದಿನ ವರ್ಷ ನೋಡೋಣ.”

ಮುಂದಿನ ವರ್ಷಕ್ಕೆ ಆದೇಶದ ಗಡುವು ಮುಗಿಯುತ್ತಿತ್ತು. ಅದು ಅವರಿಗೂ ಗೊತ್ತಿತ್ತು.

ಹೀಗಾಗಿ ಆ ಮಧ್ಯಾಹ್ನ ಅಮ್ಮ ಹಾಲ್‌ನ ಹಿಂದೆ ಕೂತಿದ್ದು ಭಾಷಣ ಕೇಳುವುದಕ್ಕಲ್ಲ. ಟಿಕೆಟ್ ಹಂಚುವುದನ್ನು ನೋಡುವುದಕ್ಕೆ.

ಮೊದಲು ಹಂಚಿದರು. ಗುಮಾಸ್ತ ನೋಂದಣಿ ಸಂಖ್ಯೆ ಕೂಗಿದ, ನಾವು ಒಬ್ಬೊಬ್ಬರೇ ಹೋಗಿ ತೆಗೆದುಕೊಂಡೆವು. ಹೆಡ್‌ಮಾಸ್ಟರು ಪ್ರತಿಯೊಬ್ಬರಿಗೂ ಏನಾದರೊಂದು ಅಂದರು. ಚೆನ್ನಾಗಿ ಓದುವವರಿಗೆ ಬೆನ್ನು ತಟ್ಟಿದರು. ಹಿಂದಿನ ಬೆಂಚಿನವರಿಗೆ, “ನನ್ನ ರಿಸಲ್ಟು ಹಾಳು ಮಾಡೋಕೇ ಹುಟ್ಟಿದೀಯಾ” ಎಂದರು. ನನ್ನ ಸರದಿ ಬಂದಾಗ ತುದಿ ಬೆರಳಿನಿಂದ ಹಿಡಿದು ಕೊಟ್ಟು, ಮುಂದಿನ ಸಂಖ್ಯೆ ಕೂಗು ಎಂದು ಗುಮಾಸ್ತನಿಗೆ ಸನ್ನೆ ಮಾಡಿದರು. ಎಂಬತ್ತಾರು ಮುಗಿಯಿತು. ಕಡತದಲ್ಲಿ ಒಂದು ಉಳಿಯಿತು. ಗುಮಾಸ್ತ ಅದನ್ನು ನೋಡಿದ, ಹೆಡ್‌ಮಾಸ್ಟರನ್ನು ನೋಡಿದ. ಅವರು ಕಡತ ಮುಚ್ಚಿ ಅದರ ಮೇಲೆ ಮೊಣಕೈ ಊರಿ ಮೈಕು ಎಳೆದುಕೊಂಡರು.

“ಎಲ್ಲರೂ ಟಿಕೆಟ್ ಕೈಯಲ್ಲಿ ಹಿಡ್ಕೊಳ್ಳಿ. ಫೋಟೊ ನಿಮ್ಮದೇನಾ ನೋಡಿ. ಹೆಸರು, ಅಪ್ಪನ ಹೆಸರು, ಹುಟ್ಟಿದ ದಿನ ನೋಡಿ. ಕೆಳಗೆ ನನ್ನ ಸಹಿ, ಶಾಲೆ ಮೊಹರು ಇದೆಯಾ ನೋಡಿ. ಎರಡರಲ್ಲಿ ಒಂದಿಲ್ಲ ಅಂದ್ರೂ ಗೇಟಲ್ಲೇ ನಿಲ್ಲಿಸ್ತಾರೆ. ಫೀಸು ಬಾಕಿ ಇದೆ, ಹಾಜರಿ ಕಮ್ಮಿ ಇದೆ, ನಡತೆ ಸರಿ ಇಲ್ಲ ಅಂತ ಬೋರ್ಡಿಂದ ಬಂದಿರೋ ಟಿಕೆಟ್ಟನ್ನ ಶಾಲೆಯವರು ತಡೆಹಿಡಿಯೋ ಹಾಗಿಲ್ಲ ಅಂತ ಸುತ್ತೋಲೆ ಬಂದಿದೆ. ಅದಕ್ಕೇ ಕೊಟ್ಟಿದೀನಿ. ಇಲ್ಲ ಅಂದಿದ್ರೆ ನಿಮ್ಮಲ್ಲಿ ಇಪ್ಪತ್ತು ಜನ ಇವತ್ತು ಮನೇಲಿರ್ತಿದ್ರಿ.”

ಕೆಲವರು ನಕ್ಕರು. ಗೋಡೆಯ ಕಡೆಯಿಂದ ಬೀಗದ ಕೈಗಳ ಗೊಂಚಲಿನ ಸದ್ದು ಬಂತು. ಅಮ್ಮ ಅಲುಗಿದ್ದಳು.

ಅವರು ಕಾಗದ ಎತ್ತಿ ಒಂದೊಂದೇ ಓದಿದರು. ಪರೀಕ್ಷೆ ಹತ್ತೂವರೆಗೆ. ಒಂಬತ್ತೂಮುಕ್ಕಾಲಿಗೆ ಗೇಟಿನಲ್ಲಿರಬೇಕು. ತಪಾಸಣೆ ಆಗದೆ ಒಳಗಿಲ್ಲ. ಮೊಬೈಲು, ಡಿಜಿಟಲ್ ಗಡಿಯಾರ, ಕ್ಯಾಲ್ಕುಲೇಟರ್ ಏನೂ ತರಬಾರದು. ಪೆನ್ನು ಪಾರದರ್ಶಕ ಚೀಲದಲ್ಲಿ. ಜ್ಯಾಮಿತಿ ಪೆಟ್ಟಿಗೆಯ ಮುಚ್ಚಳದ ಒಳಗೆ ಒಂದಕ್ಷರ ಕಂಡರೂ ಅದು ನಕಲು. ನೀಲಿ ಅಥವಾ ಕಪ್ಪು ಶಾಯಿ, ಒಂದು ಪೇಪರಿಗೆ ಒಂದೇ ಬಣ್ಣ. ಮೊದಲ ಹದಿನೈದು ನಿಮಿಷ ಪ್ರಶ್ನೆಪತ್ರಿಕೆ ಓದುವುದಕ್ಕೆ, ಆಗ ಪೆನ್ನು ಮುಟ್ಟಬಾರದು. ಉತ್ತರ ಪತ್ರಿಕೆ ಕೈಗೆ ಬಂದ ಕೂಡಲೇ ಪುಟ ಎಣಿಸಬೇಕು. ನೋಂದಣಿ ಸಂಖ್ಯೆಯನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯಬೇಕು. ತಪ್ಪಿದರೆ ತಿದ್ದಬಾರದು, ಮೇಲ್ವಿಚಾರಕರಿಗೆ ಹೇಳಬೇಕು. ಹೆಚ್ಚುವರಿ ಹಾಳೆ ತಗೊಂಡರೆ ಅದರ ಸಂಖ್ಯೆಯನ್ನು ಮುಖಪುಟದಲ್ಲಿ ನಮೂದಿಸಿ ದಾರದಿಂದ ಕಟ್ಟಬೇಕು. ಖಾಲಿ ಉಳಿದ ಪುಟಕ್ಕೆ ಅಡ್ಡ ಗೆರೆ ಎಳೆಯಬೇಕು. ಅರ್ಧ ಗಂಟೆ ತಡವಾದವರಿಗೆ ಒಳಗಿಲ್ಲ. ಕೊನೆಯ ಗಂಟೆ ಹೊಡೆಯುವ ತನಕ ಯಾರಿಗೂ ಹೊರಗಿಲ್ಲ.

“ಜಾಗೃತ ದಳ ಯಾವಾಗ ಬರುತ್ತೆ ಅಂತ ನನಗೂ ಗೊತ್ತಿರಲ್ಲ. ಕೋಣೆ ಕೋಣೆಗೂ ಕ್ಯಾಮೆರಾ ಇದೆ. ಸಿಕ್ಕಿಬಿದ್ರೆ ಆ ಪೇಪರಲ್ಲ, ಪೂರ್ತಿ ಪರೀಕ್ಷೆ ರದ್ದು. ಕೋಣೆಯ ಮೇಲ್ವಿಚಾರಕರ ಮೇಲೂ ಕ್ರಮ. ಅವರು ನಿಮ್ಮ ಸೋದರಮಾವ ಅಲ್ಲ, ನಿಮ್ಮ ಉಪಕಾರಕ್ಕೆ ತಮ್ಮ ಕೆಲಸ ಕಳ್ಕೊಳ್ಳಲ್ಲ.”

ಆಮೇಲೆ ಎದೆಯುಬ್ಬಿಸಿ ಹೇಳಿದರು.

“ನನ್ನ ಕೇಂದ್ರದಲ್ಲಿ ಒಳಗಿನವರು ಹೊರಗಿನವರು ಅಂತ ಭೇದ ಇಲ್ಲ. ನಿಮ್ಮ ವಿಜ್ಞಾನದ ಮೇಷ್ಟ್ರ ಮಗ ಇಲ್ಲೇ ಕೂತಿದಾನೆ. ಅದಕ್ಕೇ ಅವರನ್ನ ನಾಳೆಯಿಂದ ಬೇರೆ ಕೇಂದ್ರಕ್ಕೆ ಕಳಿಸಿದೀನಿ. ಇಲ್ಲಿ ಬರೆಯೋರ ಅಪ್ಪ, ಅಮ್ಮ, ಅಣ್ಣ, ಅಕ್ಕ ಯಾರೂ ಕೇಂದ್ರದ ಕೆಲಸದ ಮೇಲೆ ಇರೋ ಹಾಗಿಲ್ಲ. ನೀರು ಕೊಡೋದಕ್ಕೂ ಇಲ್ಲ, ಗಂಟೆ ಹೊಡೆಯೋದಕ್ಕೂ ಇಲ್ಲ. ನನ್ನ ಸಂಬಂಧಿಕರು ಇಲ್ಲಿ ಬರೀತಿಲ್ಲ ಅಂತ ಪ್ರತಿಯೊಬ್ಬರಿಂದಲೂ ಬರೆಸಿ ಸಹಿ ತಗೊಂಡಿದೀನಿ.”

ನನ್ನ ಕಿವಿ ನೆಟ್ಟಗಾಯಿತು. ಅಮ್ಮನಿಂದ ಅಂಥದ್ದೇನೂ ಬರೆಸಿಕೊಂಡಿರಲಿಲ್ಲ. ಆ ಪಟ್ಟಿ ಮಾಡುವಾಗ ಅವಳು ಯಾರದೋ ತಾಯಿ ಎಂದು ಯಾರಿಗೂ ನೆನಪೇ ಬಂದಿರಲಿಲ್ಲ.

“ಇನ್ನು ಕಕ್ಕಸಿನ ವಿಷಯ. ಮೊದಲ ಒಂದು ಗಂಟೆ ಯಾರನ್ನೂ ಬಿಡಲ್ಲ. ಆಮೇಲೆ ಕೋಣೆಗೆ ಒಬ್ಬರಂತೆ. ಹೋದ ಹೊತ್ತು, ಬಂದ ಹೊತ್ತು ಬರೆದು ಸಹಿ ಮಾಡಬೇಕು. ಅಲ್ಲಿ ಚೀಟಿ ಬಚ್ಚಿಡೋ ಬುದ್ಧಿವಂತರು ಪ್ರತಿ ವರ್ಷ ಇರ್ತಾರೆ. ಬೆಳಕಿಂಡಿಯಲ್ಲಿ, ನೀರಿನ ತೊಟ್ಟಿ ಮುಚ್ಚಳದ ಕೆಳಗೆ, ಕೊಳಾಯಿ ಹಿಂದೆ. ಎಲ್ಲ ನಮ್ಮವಳು ಬೆಳಿಗ್ಗೆನೇ ಹುಡುಕಿ ತೆಗೀತಾಳೆ. ಪರೀಕ್ಷೆ ಹೊತ್ತಲ್ಲೂ ಬಾಗಿಲಲ್ಲೇ ಇರ್ತಾಳೆ. ಏಯ್, ಎದ್ದೇಳೇ. ಎದ್ದು ನಿನ್ನ ಮುಖ ತೋರಿಸು ಇವರಿಗೆ.”

ಎಂಬತ್ತಾರು ತಲೆ ಹಿಂದಕ್ಕೆ ತಿರುಗಿದವು. ಅವತ್ತು ನಾನೂ ತಿರುಗಿದೆ.

ಅಮ್ಮ ಗೋಡೆ ಹಿಡಿದು ಎದ್ದಳು. ಮೊಣಕಾಲು ನೋವಿಗೆ ಅವಳಿಗೆ ಒಂದೇ ಸಲಕ್ಕೆ ಏಳಲು ಆಗುತ್ತಿರಲಿಲ್ಲ. ಸೊಂಟದಲ್ಲಿ ಬೀಗದ ಕೈಗಳು. ಅಂಚಿನಲ್ಲಿ ಆಸಿಡ್ ಬಿದ್ದು ತೂತಾದ ಬಟ್ಟೆ.

“ನೋಡ್ಕೊಂಡ್ರಲ್ಲ? ಇವಳ ಕಣ್ಣು ತಪ್ಪಿಸೋಕೆ ಆಗಲ್ಲ. ಗಟಾರದಲ್ಲಿ ಬಿದ್ದ ಚೀಟಿನೂ ಕೈ ಹಾಕಿ ತೆಗೀತಾಳೆ.” ಹುಡುಗರು ಗೊಳ್ಳೆಂದು ನಕ್ಕರು. ಯಾರೋ ಫಿನಾಯಿಲ್ ಎಂದ. “ಸಾಕು, ಕೂತ್ಕೋ.”

ಅಮ್ಮ ಕೂರಲಿಲ್ಲ.

“ಕೂತ್ಕೋ ಅಂದೆ.”

“ನನ್ನ ಹಾಲ್ ಟಿಕೆಟ್ ಕೊಡಿ ಸರ್.”

ನಗು ಒಮ್ಮೆಗೇ ನಿಂತಿತು. ಅಮ್ಮನ ದನಿ ದೊಡ್ಡದೇನಲ್ಲ. ಆದರೆ ಹಾಲ್‌ನ ಪ್ರತಿ ಮೂಲೆಗೂ ಕೇಳಿಸಿತು.

“ಏನು?”

“ನಿಮ್ಮ ಮೊಣಕೈ ಕೆಳಗಿರೋ ಟಿಕೆಟ್ ನನ್ನದು. ತಡೆಹಿಡಿಯೋ ಹಾಗಿಲ್ಲ ಅಂತ ಈಗ ತಾನೇ ಹೇಳಿದ್ರಿ.”

ಹೆಡ್‌ಮಾಸ್ಟರು ನಕ್ಕರು. ಆ ನಗು ಮೈಕಿನಲ್ಲಿ ಗರಗರ ಎಂದಿತು. “ಅದು ವಿದ್ಯಾರ್ಥಿಗಳಿಗೆ ಕಣೇ. ನೀನು ಕೇಂದ್ರದ ಸಿಬ್ಬಂದಿ. ಕೆಲಸದ ಮೇಲಿರೋರು ಪರೀಕ್ಷೆ ಬರೆಯೋ ಹಾಗಿಲ್ಲ. ನಿಯಮ ಗೊತ್ತಿಲ್ಲದೆ ಬಾಯಿ ಹಾಕಬೇಡ. ಮಕ್ಕಳ ಮುಂದೆ ಮರ್ಯಾದೆ ಕಳ್ಕೋಬೇಡ.”

ಅಮ್ಮ ಮೇಲಿನ ತುಟಿ ಕಚ್ಚಿಕೊಂಡಳು. ಕಕ್ಕಸಿನ ಒಳಗೆ ಬ್ರಷ್ಷಿನ ಸದ್ದು ನಿಂತಾಗ ಹೀಗೇ ನಿಂತಿರುತ್ತಾಳೆ ಎಂದು ನನಗೆ ಗೊತ್ತಿತ್ತು.

ನಾನು ಯಾವಾಗ ಎದ್ದೆನೋ ಗೊತ್ತಿಲ್ಲ. ಪಕ್ಕದವಳು ನನ್ನ ಲಂಗ ಹಿಡಿದು ಎಳೆದದ್ದು ನೆನಪಿದೆ.

“ಸರ್, ಇವಳು ನನ್ನಮ್ಮ.”

ಅದು ಎಲ್ಲರಿಗೂ ಗೊತ್ತಿದ್ದದ್ದೇ. ಆದರೂ ಆ ಶಾಲೆಯಲ್ಲಿ ನನ್ನ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು.

“ಬರೆಯೋರ ಅಮ್ಮ ಕೇಂದ್ರದ ಕೆಲಸದ ಮೇಲೆ ಇರೋ ಹಾಗಿಲ್ಲ ಅಂದ್ರಿ. ನಾನು ಇಲ್ಲೇ ಬರೀತೀನಿ. ಹಾಗಾದ್ರೆ ಅಮ್ಮ ನಾಳೆ ಸಿಬ್ಬಂದಿ ಅಲ್ಲ. ಕಕ್ಕಸಿನ ಬಾಗಿಲಲ್ಲಿ ನಿಲ್ಲೋ ಹಾಗೂ ಇಲ್ಲ. ಮೇಷ್ಟ್ರಿಗೆ ಒಂದು, ಅಮ್ಮನಿಗೆ ಒಂದಾ ಸರ್?”

ವಿಜ್ಞಾನದ ಮೇಷ್ಟ್ರು ಕಿಟಕಿಯ ಪಕ್ಕ ನಿಂತಿದ್ದರು. ನಾನು ಅವರನ್ನು ನೋಡಿದೆ. ಅವರು ಕಿಟಕಿಯ ಆಚೆ ನೋಡಿದರು.

“ಬಾಯಿ ಮುಚ್ಚು!” ಹೆಡ್‌ಮಾಸ್ಟರು ಮೇಜು ಗುದ್ದಿದರು. ನೀರಿನ ಲೋಟ ಉರುಳಿ ಕಾಗದಗಳೆಲ್ಲ ಒದ್ದೆಯಾದವು. “ನಿನ್ನ ಟಿಕೆಟ್ಟೂ ವಾಪಸ್ ತಗೋತೀನಿ. ತಾಯಿ ಮಗಳು ಸೇರ್ಕೊಂಡು ನನಗೆ ನಿಯಮ ಹೇಳಿಕೊಡ್ತೀರಾ? ಯಾರಿಂದ ಬಂತು ಇಷ್ಟು ಕೊಬ್ಬು? ಕಕ್ಕಸಿನ ಬಾಗಿಲಲ್ಲಿ ನಿಂತು ನಾಲ್ಕಕ್ಷರ ಓದಿದ್ರೆ ಕಲೆಕ್ಟರ್ ಆಗ್ಬಿಡ್ತೀರಾ?”

ಅಂದರೆ ಅವರಿಗೆ ಗೊತ್ತಿತ್ತು. ಬೆಳಿಗ್ಗೆ ಆರಕ್ಕೆ ನಾನು ಬಾಗಿಲಲ್ಲಿ ನಿಂತು ಓದುವುದು ಗೊತ್ತಿತ್ತು. ಗೊತ್ತಿದ್ದೂ ಟಿಕೆಟ್ ತಡೆಹಿಡಿದಿದ್ದರು.

ಅಮ್ಮ ನಡೆದು ಬಂದಳು. ಸಾಲುಗಳ ನಡುವಿನ ದಾರಿಯಲ್ಲಿ, ಚಾಪೆ ತುಳಿಯದೆ, ಪಕ್ಕದ ನೆಲದ ಮೇಲೆ. ಮಕ್ಕಳು ಕಾಲು ಎಳೆದುಕೊಂಡರು. ಅವಳು ವೇದಿಕೆಯ ಮುಂದೆ ನಿಂತು ಸೊಂಟದಿಂದ ಬೀಗದ ಕೈ ಗೊಂಚಲು ಬಿಚ್ಚಿದಳು. ಹೆಡ್‌ಮಾಸ್ಟರು ಗೋಡೆ ಗಡಿಯಾರ ನೋಡಿದರು. ಮೂರೂ ನಲವತ್ತು. ನಾಲ್ಕು ಗಂಟೆಗೆ ಕೇಂದ್ರದ ತಪಾಸಣೆಗೆ ಅಧಿಕಾರಿ ಬರುವವರಿದ್ದರು. ಡೆಸ್ಕುಗಳಿಗೆ ಸಂಖ್ಯೆ ಅಂಟಿಸಿದೆಯೇ, ಕುಡಿಯುವ ನೀರಿದೆಯೇ, ಕಕ್ಕಸು ಶುಚಿಯಾಗಿದೆಯೇ, ಇವು ಮೂರನ್ನೂ ಅವರು ಕಣ್ಣಾರೆ ನೋಡಿ ಬರೆದುಕೊಂಡು ಹೋಗಬೇಕು.

“ಹದಿನಾರು ಕಕ್ಕಸೂ ಬೆಳಿಗ್ಗೆನೇ ತೊಳ್ದಿದೀನಿ. ಬೀಗ ಹಾಕಿದೀನಿ. ನನ್ನ ಟಿಕೆಟ್ ಕೊಡಿ, ಕೀ ತಗೊಳ್ಳಿ.”

“ಬೆದರಿಸ್ತೀಯಾ? ನಾಳೆಯಿಂದ ನೀನು ಕೆಲಸಕ್ಕೆ ಬರಬೇಡ!”

“ನಾಳೆ ಹೇಗೂ ಬರಲ್ಲ ಸರ್. ನಾಳೆ ಪರೀಕ್ಷೆ ಇದೆ.”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಈ ಸಲದ ನಗು ಬೇರೆ ಕಡೆಗಿತ್ತು. ಹೆಡ್‌ಮಾಸ್ಟರ ಕಿವಿ ಕೆಂಪಾಯಿತು. ಕಡತ ತೆರೆದು ಟಿಕೆಟ್ ಎಳೆದು ಎಸೆದರು. ಅದು ಗಾಳಿಯಲ್ಲಿ ಒಂದು ಸುತ್ತು ಹಾಕಿ ಅಮ್ಮನ ಕಾಲಿನಿಂದ ಒಂದು ಮಾರು ದೂರದಲ್ಲಿ ಬಿತ್ತು. ಫೋಟೊ ಮೇಲಾಗಿ ಬಿತ್ತು. ಅದರಲ್ಲಿ ಅಮ್ಮ ಕಣ್ಣು ಅಗಲ ಮಾಡಿ ನೋಡುತ್ತಿದ್ದಳು.

“ತಗೊಂಡು ಹಾಳಾಗಿ ಹೋಗು.”

ಅಮ್ಮ ನೋಡುತ್ತ ನಿಂತಳು. ನಾನು ಸಾಲು ದಾಟಿ ಓಡಿ ಬಗ್ಗಲು ಹೋದೆ.

“ಬಗ್ಗಬೇಡ” ಎಂದಳು ಅಮ್ಮ. ಆಮೇಲೆ ಹೆಡ್‌ಮಾಸ್ಟರ ಕಡೆ ತಿರುಗಿದಳು. “ಎತ್ತಿ ಕೊಡಿ.”

“ಏನಂದೆ?”

“ಹನ್ನೊಂದು ವರ್ಷದಿಂದ ಇಲ್ಲಿ ನೆಲದ ಮೇಲೆ ಬಿದ್ದಿದ್ದೆಲ್ಲ ನಾನೇ ಎತ್ತಿದೀನಿ. ಹೇಲು ಎತ್ತಿದೀನಿ. ವಾಂತಿ ಎತ್ತಿದೀನಿ. ಹುಡುಗೀರ ರಕ್ತದ ಬಟ್ಟೆ ಎತ್ತಿದೀನಿ. ಇದನ್ನ ಎತ್ತಲ್ಲ. ಇದರಲ್ಲಿ ನನ್ನ ಹೆಸರಿದೆ.”

ಹೆಡ್‌ಮಾಸ್ಟರು ಗುಮಾಸ್ತನಿಗೆ ಕಣ್ಸನ್ನೆ ಮಾಡಿದರು. ಅವನು ವೇದಿಕೆಯಿಂದ ಇಳಿಯಲು ಕಾಲಿಟ್ಟ.

“ನೀವು ಬೇಡ ಅಣ್ಣ. ಬಿಸಾಕಿದ್ದು ಅವರು.”

ಗುಮಾಸ್ತ ಇಟ್ಟ ಕಾಲನ್ನು ಹಿಂದಕ್ಕೆ ತೆಗೆದುಕೊಂಡ. ಹನ್ನೊಂದು ವರ್ಷದಲ್ಲಿ ಅವನು ಮಾಡಿದ ದೊಡ್ಡ ಕೆಲಸ ಅದು. ಅದರ ಋಣ ನಮ್ಮ ಮೇಲಿದೆ.

ಮೂರೂ ಐವತ್ತಕ್ಕೆ ಗೇಟಿನ ಕಡೆ ಗಾಡಿಯ ಹಾರನ್ ಕೇಳಿಸಿತು. ಅಧಿಕಾರಿ ಹತ್ತು ನಿಮಿಷ ಮೊದಲೇ ಬಂದಿದ್ದರು. ಹೆಡ್‌ಮಾಸ್ಟರು ಅಮ್ಮನ ಕೈಯಲ್ಲಿದ್ದ ಗೊಂಚಲು ನೋಡಿದರು. ಬಾಗಿಲು ನೋಡಿದರು. ಆಮೇಲೆ ವೇದಿಕೆ ಇಳಿದರು. ಒಂದು ಕೈ ಮೊಣಕಾಲಿಗೆ ಊರಿ ಬಗ್ಗಿದರು. ಅವರ ಹೊಟ್ಟೆ ಅಡ್ಡ ಬಂತು. ಮೊದಲ ಸಲ ಕಾಗದ ಬೆರಳಿಗೆ ಸಿಗಲಿಲ್ಲ. ನೆಲಕ್ಕೆ ಅಂಟಿದ ಕಾಗದ ಎತ್ತುವುದಕ್ಕೆ ಉಗುರು ಬೇಕು, ಅಭ್ಯಾಸ ಬೇಕು.

ಎದ್ದವರು ಟಿಕೆಟ್ ಚಾಚಿದರು. ಅಮ್ಮ ತೆಗೆದುಕೊಳ್ಳದೆ ಅದರ ಕೆಳಭಾಗ ತೋರಿಸಿದಳು.

“ಸಹಿ ಇಲ್ಲ. ಮೊಹರು ಇಲ್ಲ. ಗೇಟಲ್ಲೇ ನಿಲ್ಲಿಸ್ತಾರಂತಲ್ಲ.”

ಅವರು ಅಲ್ಲೇ, ಒದ್ದೆ ಮೇಜಿನ ಮೇಲೆ ಸಹಿ ಮಾಡಿದರು. ಗುಮಾಸ್ತ ಮೊಹರು ಒತ್ತಿದ. ಚೆನ್ನಾಗಿ ಒತ್ತಿದ, ಎರಡು ಸಲ. ಅಮ್ಮ ಟಿಕೆಟ್ ತೆಗೆದುಕೊಂಡು, ಶಾಯಿ ಆರಲೆಂದು ಊದಿ, ಬೀಗದ ಕೈಗಳನ್ನು ಮೇಜಿನ ಮೇಲಿಟ್ಟು ನಡೆದಳು. ನಾನು ಹಿಂದೆ ಓಡಿದೆ. ಬಾಗಿಲಲ್ಲಿ ಅಧಿಕಾರಿ ಎದುರಾದರು. ನಮ್ಮನ್ನು ನೋಡಲಿಲ್ಲ.

ಗೆದ್ದೆವು ಎಂದು ಯಾರಾದರೂ ಅಂದುಕೊಂಡರೆ ತಪ್ಪು. ಮರುದಿನ ಗೇಟಿನಲ್ಲಿ ಹೆಡ್‌ಮಾಸ್ಟರು ನಮಗಾಗಿ ಕಾದಿದ್ದರು. ಎಲ್ಲರನ್ನೂ ಒಂದು ಸಲ ತಪಾಸಣೆ ಮಾಡಿದರು, ಅಮ್ಮನನ್ನು ಮೂರು ಸಲ. ಬೇರೆ ಶಾಲೆಯಿಂದ ಬಂದ ಮೇಡಂ ಅಮ್ಮನ ತುರುಬು ಬಿಚ್ಚಿಸಿ ನೋಡಿದರು. ಚಪ್ಪಲಿ ತಿರುವಿಸಿದರು. ರವಿಕೆಯೊಳಗೆ ಕೈ ಹಾಕಿದರು. ನಾನೂರು ಮಕ್ಕಳು ಸಾಲಿನಲ್ಲಿ ನಿಂತು ನೋಡಿದರು. ಅಮ್ಮ ಕೈ ಅಗಲಿಸಿ ನಿಂತಿದ್ದಳು. ಏನೂ ಸಿಗಲಿಲ್ಲ.

ಆಗ ಹೆಡ್‌ಮಾಸ್ಟರು ಅವಳ ಕೋಣೆಯ ಮೇಲ್ವಿಚಾರಕರನ್ನು ಕರೆದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. “ಇವಳಿಗೆ ಇಲ್ಲಿನ ಕಕ್ಕಸಿನ ಮೂಲೆ ಮೂಲೆಯೂ ಗೊತ್ತು. ಎಲ್ಲೋ ಚೀಟಿ ಇಟ್ಟೇ ಇರ್ತಾಳೆ. ಯಾರನ್ನ ಬಿಟ್ರೂ ಇವಳನ್ನ ಮಾತ್ರ ಕಕ್ಕಸಿಗೆ ಬಿಡಬೇಡಿ.”

ಮೇಲ್ವಿಚಾರಕರು ತಲೆಯಾಡಿಸಿದರು. ಹಾಗೆ ಮಾಡಬಹುದೆಂದು ಯಾವ ಸುತ್ತೋಲೆಯಲ್ಲೂ ಇರಲಿಲ್ಲ. ಕೇಳುವವರೂ ಇರಲಿಲ್ಲ. ಹೊತ್ತಾಗಿತ್ತು. ಖಾಸಗಿಯವರ ಸಂಖ್ಯೆ ಕೊನೆಗೆ ಬರುತ್ತದೆ, ಅದಕ್ಕೇ ಅಮ್ಮನಿಗೆ ಕೊನೆಯ ಕೋಣೆ. ಅವಳು ನನ್ನ ಕಡೆ ಒಮ್ಮೆ ನೋಡಿ, “ಪುಟ ಎಣಿಸ್ಕೋ” ಎಂದು ಹೇಳಿ ಹೋದಳು.

ಅಮ್ಮ ಗಣಿತದಲ್ಲಿ ಫೇಲಾದಳು. ಹತ್ತೊಂಬತ್ತು ಬಂತು. ಎರಡನೇ ಸಲ ಬೇರೆ ಕೇಂದ್ರದಲ್ಲಿ ಬರೆದು ಪಾಸು ಮಾಡಿದಳು. ಅಷ್ಟರಲ್ಲಿ ಆದೇಶದ ಗಡುವು ಮುಗಿದಿತ್ತು, ಜವಾನನ ಹುದ್ದೆಗೆ ಬೇರೆ ಯಾರೋ ಬಂದಿದ್ದರು. ಶಾಲೆಯ ಕೆಲಸ ಹೋದದ್ದು ಹೋಯಿತು. ಈಗ ಒಂದು ಆಸ್ಪತ್ರೆಯಲ್ಲಿ ತೊಳೆಯುತ್ತಾಳೆ. ಕೈಗವಸು ಕೊಡದ ದಿನ ಕೆಲಸಕ್ಕೆ ಇಳಿಯುವುದಿಲ್ಲ, ಕೊಡುವ ತನಕ ಬಾಗಿಲಲ್ಲಿ ಕೂರುತ್ತಾಳೆ. ಹೆಡ್‌ಮಾಸ್ಟರು ನಿವೃತ್ತರಾದಾಗ ಬೀಳ್ಕೊಡುಗೆ ಸಮಾರಂಭದಲ್ಲಿ ಅವರನ್ನು ಶಿಸ್ತಿನ ಸಿಪಾಯಿ ಎಂದು ಹೊಗಳಿದರಂತೆ. ಹೊಗಳಿದವರು ವಿಜ್ಞಾನದ ಮೇಷ್ಟ್ರು.

ಇದೆಲ್ಲ ಆಮೇಲಿನ ಮಾತು. ನಾನು ಹೇಳಬೇಕೆಂದಿರುವುದು ಆ ಮೊದಲ ದಿನದ್ದು, ಭಾಷಾ ಪತ್ರಿಕೆ ಮುಗಿದ ಮೇಲಿನದ್ದು.

ಗಂಟೆ ಹೊಡೆಯಿತು. ಎಲ್ಲರೂ ಹೊರಗೆ ಬಂದರು. ಅಮ್ಮ ಬರಲಿಲ್ಲ. ನಾನು ಕೊನೆಯ ಕೋಣೆಗೆ ಓಡಿದೆ. ಅವಳು ಒಬ್ಬಳೇ ಕೂತು ಹೆಚ್ಚುವರಿ ಹಾಳೆಗಳಿಗೆ ದಾರ ಕಟ್ಟುತ್ತಿದ್ದಳು. ನುಣ್ಣಗಾದ ಬೆರಳಿಗೆ ಗಂಟು ನಿಲ್ಲುತ್ತಿರಲಿಲ್ಲ. ಮೇಲ್ವಿಚಾರಕರು ತಲೆಯ ಮೇಲೆ ನಿಂತು, “ಬೇಗ ಆಗ್ಲಿ, ಬೇಗ ಆಗ್ಲಿ” ಎನ್ನುತ್ತಿದ್ದರು. ಅವಳು ಹಲ್ಲಿನಿಂದ ದಾರ ಕಚ್ಚಿ ಎಳೆದು ಬಿಗಿದು ಕೊಟ್ಟಳು. ಎದ್ದು ನಿಂತಾಗ ಅವಳ ಹಣೆಯಲ್ಲಿ ಬೆವರಿತ್ತು. ಮೂರೂಕಾಲು ಗಂಟೆ ಬಿಗಿ ಹಿಡಿದುಕೊಂಡಿದ್ದಳು.

ನಾನು ಕಕ್ಕಸಿನ ಕಡೆ ಕೈ ತೋರಿಸಿದೆ. ಪರೀಕ್ಷೆ ಮುಗಿದಿತ್ತು, ಈಗ ಯಾರೂ ತಡೆಯುವ ಹಾಗಿರಲಿಲ್ಲ.

“ಇಲ್ಲಿ ಬೇಡ” ಎಂದಳು. “ಮನೆಗೇ ಹೋಗೋಣ.”

ಬೇಗ ಬೇಗ ನಡೆದೆವು. ಅವಳು ಸಣ್ಣ ಸಣ್ಣ ಹೆಜ್ಜೆ ಇಡುತ್ತಿದ್ದಳು.

“ಎಷ್ಟು ಹಾಳೆ ತಗೊಂಡೆಯಮ್ಮಾ?”

“ಮೂರು. ಪ್ರಬಂಧಕ್ಕೇ ಎರಡು ಹೋಯ್ತು.”

ಪ್ರಬಂಧದ ಪ್ರಶ್ನೆ ನನಗೆ ನೆನಪಿತ್ತು. ‘ಶಾಲೆಯ ಸ್ವಚ್ಛತೆಯಲ್ಲಿ ವಿದ್ಯಾರ್ಥಿಗಳ ಪಾತ್ರ.’

“ಅದಕ್ಕೆ ಅಷ್ಟೊಂದು ಏನು ಬರೆದೆ?”

“ಕೇಳಿದ್ದಕ್ಕೆ ಬರೆದೆ. ವಿದ್ಯಾರ್ಥಿಗಳ ಪಾತ್ರ ಏನು ಅಂತ ತಾನೇ ಕೇಳಿದ್ದು? ಹನ್ನೊಂದು ವರ್ಷ ದಿನಾ ನೋಡಿದೀನಿ, ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ? ನೀರು ಹಾಕದೆ ಹೋಗೋದು ಬರೆದೆ. ಗೋಡೆಗೆ ಒರೆಸೋದು ಬರೆದೆ. ಬೇಕು ಅಂತ್ಲೇ ಹೊರಗೆ ಕೂತು, ಫಿನಾಯಿಲಮ್ಮ ಬಾಚ್ಕೋ ಅಂತ ನಗೋದು ಬರೆದೆ. ಮೇಷ್ಟ್ರುಗಳ ಪಾತ್ರ ಏನು ಅಂತ ಅವರು ಕೇಳಿರಲಿಲ್ಲ. ಅದನ್ನೂ ಸ್ವಲ್ಪ ಬರೆದೆ.” ಅವಳಿಗೆ ನಗು ಬಂತು. ನಗಲೂ ಆಗದೆ ಹೊಟ್ಟೆ ಹಿಡಿದುಕೊಂಡಳು. “ಅಯ್ಯೋ, ನಗಿಸಬೇಡ ಕಣೇ. ನೀನೂ ಅದನ್ನೇ ಬರೆದೆ ತಾನೇ? ಏನು ಬರೆದೆ?”

ನಾನು ಒಂದೂವರೆ ಪುಟ ಬರೆದಿದ್ದೆ, ಚಂದದ ಅಕ್ಷರದಲ್ಲಿ. ಗಿಡ ನೆಡುವುದು ಬರೆದಿದ್ದೆ. ಕಸವನ್ನು ಕಸದ ಬುಟ್ಟಿಗೇ ಹಾಕುವುದು, ವಾರಕ್ಕೊಮ್ಮೆ ಎಲ್ಲರೂ ಸೇರಿ ಆವರಣ ಗುಡಿಸುವುದು. ನಮ್ಮ ಶಾಲೆಯ ವಿದ್ಯಾರ್ಥಿಗಳಾದ ನಾವೇ ನಮ್ಮ ಶೌಚಾಲಯಗಳನ್ನು ಸ್ವಚ್ಛವಾಗಿ ಇಟ್ಟುಕೊಂಡಿದ್ದೇವೆ ಎಂದು ಬರೆದಿದ್ದೆ. ಗೈಡಿನಲ್ಲಿ ಹಾಗೆಯೇ ಇತ್ತು.

ಅಮ್ಮ ಮತ್ತೆ ಕೇಳಿದಳು. ನಾನು ಅವಳ ಕೈಯಿಂದ ಪೆನ್ನಿನ ಚೀಲ ತೆಗೆದುಕೊಂಡು ಮುಂದೆ ಮುಂದೆ ನಡೆದೆ.